ಲಿಫ್ಟಿನ ಗೋಡೆಯ ಮೇಲೊಂದು ಥ್ಯಾಂಕ್ಸ್

ಡಿಸೆಂಬರ್ ಮೂರನೆಯ ವಾರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಲಿಫ್ಟಿನೊಳಗೆ ಒಂದು ಹಾಳೆ ಅಂಟಿಕೊಳ್ಳುತ್ತದೆ. ಇದನ್ನು ದೀಪಾವಳಿಗೋ ಆಯುಧಪೂಜೆಗೋ ಮುಗಿಸಿಬಿಡುವ ಅಸೋಸಿಯೇಷನ್ನುಗಳೂ ಇವೆ. ವರ್ಷದ ಕೊನೆಗೆ ಇಟ್ಟುಕೊಂಡವರ ಹಾಳೆಯಲ್ಲಿರುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ನಮ್ಮ ಸೆಕ್ಯೂರಿಟಿ ಮತ್ತು ಹೌಸ್‌ಕೀಪಿಂಗ್ ಸಿಬ್ಬಂದಿ ವರ್ಷವಿಡೀ ದಣಿವರಿಯದೆ ದುಡಿದಿದ್ದಾರೆ, ಅವರಿಗೆ ಕೃತಜ್ಞತೆ ತೋರಿಸುವ ಸಮಯ ಬಂದಿದೆ, ಎಲ್ಲರೂ ಉದಾರವಾಗಿ ಕೊಡಿ. ಕೆಳಗೊಂದು ಕ್ಯೂಆರ್ ಕೋಡ್, ಕೊನೆಯ ದಿನಾಂಕ, ಕಾರ್ಯದರ್ಶಿಯ ಸಹಿ.

ಅದನ್ನು ಓದಿ ಮೂರನೆಯ ಮಹಡಿಯಲ್ಲಿ ಇಳಿಯುವವರಿಗೆ ಒಂದಿಷ್ಟು ಪ್ರಶ್ನೆಗಳು ಉಳಿದೇ ಇರುತ್ತವೆ. ಸಿಬ್ಬಂದಿ ಅಂದರೆ ಎಷ್ಟು ಜನ? ಗೇಟಿನಲ್ಲಿ ನಿಲ್ಲುವವರಷ್ಟೇನಾ, ಬೇಸ್‌ಮೆಂಟಿನಲ್ಲಿ ಎಸ್‌ಟಿಪಿ ಯಂತ್ರ ನೋಡಿಕೊಳ್ಳುವವರೂ ಇದ್ದಾರಾ? ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ? ಏಜೆನ್ಸಿಯವರು ಬೋನಸ್ ಕೊಡುವುದಿಲ್ಲವೇ, ಮತ್ತೆ ಇದೇನು? ಉತ್ತರ ಸಿಗದವರು ಒಂದೋ ನೂರು ರೂಪಾಯಿ ಹಾಕಿ ಸುಮ್ಮನಾಗುತ್ತಾರೆ, ಇಲ್ಲವೇ ಗೇಟಿನಲ್ಲಿ ದಿನಾ ಸಲಾಂ ಹೊಡೆಯುವವರ ಜೇಬಿಗೆ ನೇರವಾಗಿ ಐನೂರು ತುರುಕಿ ತಮ್ಮ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ. ನೋಟೀಸಿನ ಸೋಲು ಗೊತ್ತಾಗುವುದು ಇಲ್ಲೇ. ಬರೆದವರ ಮನಸ್ಸು ಒಳ್ಳೆಯದೇ ಇರುತ್ತದೆ, ಆದರೆ ಬರೆಯುವ ಮೊದಲು ತಿಳಿದುಕೊಳ್ಳಬೇಕಾದದ್ದನ್ನು ಯಾರೂ ಹೋಗಿ ಕೇಳಿರುವುದಿಲ್ಲ.

ಮೊದಲು ಕೇಳಬೇಕಾದದ್ದು ಬೋನಸ್ಸಿನ ವಿಚಾರ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯೂರಿಟಿಯವರೂ ಹೌಸ್‌ಕೀಪಿಂಗ್‌ನವರೂ ಅಸೋಸಿಯೇಷನ್ನಿನ ನೇರ ನೌಕರರಾಗಿರುವುದು ಕಡಿಮೆ. ಅವರನ್ನು ಕಳಿಸುವುದು ಏಜೆನ್ಸಿ. ಏಜೆನ್ಸಿ ತಿಂಗಳಿಗೊಮ್ಮೆ ಬಿಲ್ ಕಳಿಸುತ್ತದೆ. ಆ ಬಿಲ್ಲಿನ ಹಿಂದೆ ಕರಾರಿನ ಜೊತೆ ಲಗತ್ತಿಸಿದ ಒಂದು ವಿವರಪಟ್ಟಿ ಇರುತ್ತದೆ. ಒಬ್ಬ ಗಾರ್ಡಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಇಷ್ಟು, ಪಿಎಫ್ ಇಷ್ಟು, ಇಎಸ್‌ಐ ಇಷ್ಟು, ರಜೆ ಸಂಬಳ, ಸಮವಸ್ತ್ರ, ರಿಲೀವರ್ ಖರ್ಚು, ಕೊನೆಗೆ ಏಜೆನ್ಸಿಯ ಸರ್ವಿಸ್ ಚಾರ್ಜು. ಇವುಗಳ ನಡುವೆ ಬೋನಸ್ ಎಂಬ ಸಾಲೂ ಇರುತ್ತದೆ, ಅದರ ಮುಂದೆ ಸಾಮಾನ್ಯವಾಗಿ 8.33 ಶೇಕಡ ಎಂದು ಬರೆದಿರುತ್ತದೆ. ವರ್ಷದ ಸಂಬಳದ ಹನ್ನೆರಡನೇ ಒಂದು ಭಾಗ, ಅಂದರೆ ಒಂದು ತಿಂಗಳ ಸಂಬಳ. 1965ರ ಬೋನಸ್ ಕಾಯ್ದೆ ಹಾಕಿಕೊಟ್ಟ ಈ ಕನಿಷ್ಠ ಅಳತೆಯನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ವರ್ಷದಲ್ಲಿ 30 ದಿನ ಕೆಲಸ ಮಾಡಿದವರಿಗೂ ಇದರಲ್ಲಿ ಪಾಲುಂಟು.

ಉದಾಹರಣೆಗೆ, ಒಬ್ಬ ಗಾರ್ಡಿನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 16,000 ರೂಪಾಯಿ, ಅದೇ ಕನಿಷ್ಠ ವೇತನವೂ ಹೌದು ಎಂದಿಟ್ಟುಕೊಳ್ಳಿ. ಬೋನಸ್ ಸಾಲಿನಲ್ಲಿ ತಿಂಗಳಿಗೆ ಸುಮಾರು 1,333 ರೂಪಾಯಿ ಸೇರುತ್ತದೆ, ವರ್ಷಕ್ಕೆ ಹತ್ತಿರ ಹತ್ತಿರ 16,000. ಈ ಹಣವನ್ನು ಮೇಂಟೆನೆನ್ಸ್ ಮೂಲಕ ಮನೆಗಳವರು ಆಗಲೇ ಕೊಟ್ಟಾಗಿರುತ್ತದೆ. ಅದು ಗಾರ್ಡಿನ ಖಾತೆಗೆ ಹೋಯಿತೇ ಎಂಬುದೇ ಪ್ರಶ್ನೆ. ಕೆಲವು ಏಜೆನ್ಸಿಗಳು ತಿಂಗಳು ತಿಂಗಳು ಸಂಬಳದ ಜೊತೆಗೇ ಸೇರಿಸಿ ಕೊಡುತ್ತವೆ, ಕೆಲವು ವರ್ಷಕ್ಕೊಮ್ಮೆ ಕೊಡುತ್ತವೆ. ಮಧ್ಯದಲ್ಲಿ ಕೆಲಸ ಬಿಟ್ಟವರಿಗೆ ಕೊಡದೇ ಉಳಿಸಿಕೊಳ್ಳುವವೂ ಇರುತ್ತವೆ. ಗಾರ್ಡುಗಳು ಮೇಲಿಂದ ಮೇಲೆ ಕೆಲಸ ಬದಲಿಸುವ ಈ ವ್ಯವಹಾರದಲ್ಲಿ ಅದು ಸಣ್ಣ ಮೊತ್ತವಲ್ಲ. ನೋಟೀಸು ಬರೆಯುವ ಮುನ್ನ ಕಾರ್ಯದರ್ಶಿ ಮಾಡಬೇಕಾದ ಕೆಲಸ ಇಷ್ಟೇ: ಏಜೆನ್ಸಿಗೆ ಒಂದು ಪತ್ರ ಬರೆದು, ನಮ್ಮ ಬಿಲ್ಲಿನಲ್ಲಿ ತೆಗೆದುಕೊಂಡ ಬೋನಸ್ ಯಾರ ಯಾರಿಗೆ ಯಾವಾಗ ಪಾವತಿಯಾಗಿದೆ ಎಂಬ ಪಟ್ಟಿ ಕೊಡಿ ಎಂದು ಕೇಳುವುದು. ಪಿಎಫ್ ಚಲನ್ ಕೇಳುವ ಅಸೋಸಿಯೇಷನ್ನುಗಳು ಸಾಕಷ್ಟಿವೆ, ಬೋನಸ್ ಪಟ್ಟಿ ಕೇಳುವವು ಅಪರೂಪ.

ಇದನ್ನು ಕೇಳದೇ ಲಿಫ್ಟಿಗೆ ಹಾಳೆ ಅಂಟಿಸಿದರೆ ಆಗುವುದೇನೆಂದರೆ, 16,000 ಬರಬೇಕಾದವರಿಗೆ ನಾವು 4,000 ಕೊಟ್ಟು, ನಾವೇ ಚಪ್ಪಾಳೆ ತಟ್ಟಿಕೊಂಡು ಮನೆಗೆ ಹೋಗುತ್ತೇವೆ. ಇನ್ನೂ ಕೆಟ್ಟದ್ದೂ ಆಗಬಹುದು. ನಾವು ಚಂದಾ ಎತ್ತಿದ ಹಣವನ್ನು ಏಜೆನ್ಸಿಯ ಮೂಲಕ ಹಂಚಿದರೆ, ಅದನ್ನೇ ಬೋನಸ್ ಎಂದು ತೋರಿಸಿ ಸಹಿ ಹಾಕಿಸಿಕೊಳ್ಳುವುದು ಕಷ್ಟವೇನಲ್ಲ. ಆದ್ದರಿಂದ ನೋಟೀಸಿನಲ್ಲಿ ಬೋನಸ್ ಎಂಬ ಶಬ್ದವನ್ನೇ ಬಳಸಬಾರದು, ಹಣ ಏಜೆನ್ಸಿಯ ಕೈಗೂ ಹೋಗಬಾರದು. ಇದು ನಿವಾಸಿಗಳು ಸ್ವಂತ ಇಚ್ಛೆಯಿಂದ ಕೊಡುವ ಕಾಣಿಕೆ, ಸಂಬಳಕ್ಕೂ ಬೋನಸ್ಸಿಗೂ ಸಂಬಂಧವಿಲ್ಲ ಎಂದು ಒಂದು ಸಾಲು ಬರೆದರೆ ಮುಂದೆ ಯಾವ ಗೊಂದಲವೂ ಇರುವುದಿಲ್ಲ.

ಚಳಿಗಾಲದ ಉಡುಗೊರೆಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿ ಪಾಳಿಯವರಿಗೆ ಜರ್ಕಿನ್, ತೋಟದವರಿಗೆ ಗಂಬೂಟು, ಕಸ ಬೇರ್ಪಡಿಸುವವರಿಗೆ ಕೈಗವಸು. ಇವನ್ನು ಬಣ್ಣದ ಕಾಗದದಲ್ಲಿ ಸುತ್ತಿ ವರ್ಷದ ಕೊನೆಗೆ ಕೊಡುವ ರೂಢಿ ಕೆಲವು ಕಡೆ ಇದೆ. ಕೊಡಬೇಕಾದವೇ ಅವು, ಆದರೆ ಕೆಲಸದ ಸಲಕರಣೆಯಾಗಿ, ಮಳೆಗಾಲಕ್ಕೂ ಚಳಿಗಾಲಕ್ಕೂ ಮೊದಲೇ, ಮೇಂಟೆನೆನ್ಸ್ ಲೆಕ್ಕದಿಂದಲೋ ಏಜೆನ್ಸಿಯ ಸಮವಸ್ತ್ರದ ಬಾಬತ್ತಿನಿಂದಲೋ. ಕಚೇರಿಯವರು ದೀಪಾವಳಿ ಉಡುಗೊರೆ ಎಂದು ನಮ್ಮ ಮೇಜಿನ ಮೇಲೆ ಕೀಬೋರ್ಡ್ ಇಟ್ಟು ಹೋದರೆ ನಮಗೆ ಹೇಗನ್ನಿಸೀತು?

ಇನ್ನು ಹೊಗಳಿಕೆಯ ಮಾತುಗಳಿಗೆ ಬರೋಣ. ಇಲ್ಲಿ ಎಚ್ಚರ ತಪ್ಪಿದರೆ ಕೃತಜ್ಞತೆಯ ಹಾಳೆಯೇ ನಮ್ಮ ಮೇಲಿನ ದೂರಿನ ಹಾಳೆಯಾಗುತ್ತದೆ. ಈ ನೋಟೀಸುಗಳಲ್ಲಿ ಮತ್ತೆ ಮತ್ತೆ ಕಾಣುವ ಮೂರು ಹೊಗಳಿಕೆಗಳಿವೆ. ಒಂದು, "ಒಂದು ದಿನವೂ ರಜೆ ತೆಗೆದುಕೊಳ್ಳದೆ ದುಡಿದರು." ಹಾಗಾದರೆ ವಾರದ ರಜೆ ಎಲ್ಲಿ ಹೋಯಿತು? ರಿಲೀವರ್ ಇಡಲು ನಾವು ಬಿಲ್ಲಿನಲ್ಲಿ ಹಣ ಕೊಡುತ್ತಿರುವಾಗ ಇವರು ಯಾಕೆ ವಾರಕ್ಕೆ ಏಳು ದಿನ ಬಂದರು? ಎರಡು, "ಹಗಲು ಡ್ಯೂಟಿ ಮುಗಿಸಿ ರಾತ್ರಿಯೂ ನಿಂತರು." ಇದಕ್ಕೆ ಗಾರ್ಡುಗಳ ಭಾಷೆಯಲ್ಲಿ ಡಬಲ್ ಡ್ಯೂಟಿ ಎನ್ನುತ್ತಾರೆ. ರಾತ್ರಿಯ ಗಾರ್ಡು ಬರದಿದ್ದರೆ ಹಗಲಿನವರನ್ನೇ ನಿಲ್ಲಿಸಿ ಇಪ್ಪತ್ತನಾಲ್ಕು ಗಂಟೆ ಎಳೆಯುವುದು. ಬೆಳಗಿನ ಜಾವ ಗೇಟಿನ ಕುರ್ಚಿಯಲ್ಲಿ ತೂಕಡಿಸಿದ್ದಕ್ಕೆ ಗ್ರೂಪಿನಲ್ಲಿ ಫೋಟೋ ಹಾಕುವವರು, ಆ ಮನುಷ್ಯ ನಿನ್ನೆ ಬೆಳಿಗ್ಗೆಯಿಂದ ಅದೇ ಕುರ್ಚಿಯಲ್ಲಿದ್ದಾನೆಯೇ ಎಂದು ಹಾಜರಿ ಪುಸ್ತಕ ನೋಡುವುದಿಲ್ಲ. ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು ದರದಲ್ಲಿ ಕೂಲಿ ಕೊಡಬೇಕೆಂಬುದು ಕಾನೂನು. ಕೊಟ್ಟಿದ್ದಾರೆಯೇ ಎಂಬುದು ಸಂಬಳದ ಚೀಟಿಯಲ್ಲಿ ಕಾಣುತ್ತದೆ.

ಮೂರನೆಯದು ಭಯ ಹುಟ್ಟಿಸುವಂಥದ್ದು. "ಮಳೆಗಾಲದಲ್ಲಿ ಚರಂಡಿ ಟ್ಯಾಂಕ್ ಕಟ್ಟಿಕೊಂಡಾಗ ಹಿಂದೆಮುಂದೆ ನೋಡದೆ ಒಳಗಿಳಿದು ಸರಿಮಾಡಿದರು" ಎಂದು ಯಾರನ್ನಾದರೂ ಹೊಗಳುವ ಮೊದಲು 2013ರ ಕಾಯ್ದೆ ನೆನಪಿರಲಿ. ಚರಂಡಿಯನ್ನಾಗಲೀ ಸೆಪ್ಟಿಕ್ ಟ್ಯಾಂಕನ್ನಾಗಲೀ ಸ್ವಚ್ಛ ಮಾಡಲು ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು ಆ ಕಾಯ್ದೆಯ ಪ್ರಕಾರ ಜೈಲು ಶಿಕ್ಷೆಯ ಅಪರಾಧ. ಕಾನೂನಿಗಿಂತ ಮೊದಲು ಅಲ್ಲಿ ಗಾಳಿಯ ಮಾತಿದೆ. ಮುಚ್ಚಿದ ಟ್ಯಾಂಕಿನಲ್ಲಿ ಕೊಳೆತ ಮಲಿನ ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, ಹೆಚ್ಚಾದಾಗ ಅದು ಮೂಗಿನ ಗ್ರಹಿಕೆಯನ್ನೇ ಮಂಕು ಮಾಡುವುದರಿಂದ ವಾಸನೆ ಗೊತ್ತೇ ಆಗುವುದಿಲ್ಲ. ವಾಸನೆ ಹೋಯಿತು ಎಂದುಕೊಂಡು ಇಳಿದವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಇಳಿದ ಇನ್ನೊಬ್ಬರೂ ಕುಸಿಯುತ್ತಾರೆ. ನೋಟೀಸಿನ ಕರಡಿನಲ್ಲಿ ಇಂಥ ವಾಕ್ಯವೊಂದು ಬಂದಿದ್ದರೆ ಅದನ್ನು ಹೊಡೆದುಹಾಕುವುದಷ್ಟೇ ಸಾಲದು. ಸಮಿತಿಯ ಮುಂದಿನ ಸಭೆಯ ಮೊದಲ ವಿಷಯ ಅದಾಗಬೇಕು.

ಹಾಗಾದರೆ ಯಾವುದಕ್ಕೆ ಥ್ಯಾಂಕ್ಸ್ ಹೇಳುವುದು? ಇದಕ್ಕೆ ಉತ್ತರ ಗೇಟಿನ ಕೋಣೆಯ ರಿಜಿಸ್ಟರುಗಳಲ್ಲಿದೆ. ಘಟನೆಗಳ ಪುಸ್ತಕವನ್ನು ಅರ್ಧ ಗಂಟೆ ತಿರುವಿ ಹಾಕಿದರೆ ಯಾವ ದಿನ ಲಿಫ್ಟ್ ಕೆಟ್ಟು ಯಾರು ಒಳಗೆ ಸಿಕ್ಕಿಕೊಂಡಿದ್ದರು, ಎಷ್ಟು ಹೊತ್ತಿನಲ್ಲಿ ಹೊರಬಂದರು, ಯಾವ ರಾತ್ರಿ ಸಂಪು ತುಂಬಿ ಹರಿಯುವುದನ್ನು ಯಾರು ನೋಡಿ ಮೋಟಾರು ನಿಲ್ಲಿಸಿದರು ಎಂಬುದೆಲ್ಲ ಸಮಯದ ಸಮೇತ ಸಿಗುತ್ತದೆ. ಹೌಸ್‌ಕೀಪಿಂಗ್‌ನವರಿಗೆ ಅಂಥ ಪುಸ್ತಕ ಇರುವುದಿಲ್ಲ. ಅವರ ಕೆಲಸ ಸರಿಯಾಗಿದ್ದಾಗ ಕಾಣುವುದೇ ಇಲ್ಲ ಎನ್ನುವುದು ಅದರ ಕಷ್ಟ. ಆದರೆ ಸೂಪರ್‌ವೈಸರ್ ಅವರನ್ನು ಕೇಳಿದರೆ ಹೇಳುತ್ತಾರೆ: ಒಂದು ಬ್ಲಾಕಿಗೆ ಎಷ್ಟು ಮೆಟ್ಟಿಲು, ಪ್ರತಿದಿನ ಎಷ್ಟು ಲಾಬಿ ಒರೆಸುತ್ತಾರೆ, ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಮೂರನ್ನೂ ಮನೆಯವರು ಬೆರೆಸಿ ಇಟ್ಟಾಗ ಕೈಹಾಕಿ ಬೇರೆ ಮಾಡುವವರು ಯಾರು ಎಂದು. ನೋಟೀಸಿನಲ್ಲಿ ಇಂಥ ಎರಡು ಮೂರು ಸಂಗತಿ ಬಂದರೆ ಸಾಕು, ದಣಿವರಿಯದ ಸೇವೆ ಮುಂತಾದ ವಿಶೇಷಣಗಳ ಅಗತ್ಯವೇ ಬೀಳುವುದಿಲ್ಲ.

ಇನ್ನು ಹಣದ ವಿಷಯ. ನ್ಯೂಯಾರ್ಕಿನ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲು ಕಾಯುವವರಿಗೆ ಕ್ರಿಸ್‌ಮಸ್ ಹೊತ್ತಿಗೆ ಪ್ರತಿ ಮನೆಯವರೂ ಬೇರೆ ಬೇರೆಯಾಗಿ ಹಣ ಕೊಡುವ ಪದ್ಧತಿ ಹಳೆಯದು. ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಪೀಟರ್ ಬೇರ್ಮನ್ 2005ರಲ್ಲಿ ಈ ಬಾಗಿಲು ಕಾಯುವವರ ಮೇಲೆಯೇ 'ಡೋರ್‌ಮೆನ್' ಎಂಬ ಪುಸ್ತಕ ಬರೆದರು. ಅದರಲ್ಲಿ ಈ ಕ್ರಿಸ್‌ಮಸ್ ಹಣದ ಬಗ್ಗೆಯೂ ಚರ್ಚೆಯಿದೆ. ಕೊಡುವವರನ್ನು ಕಾಡುವುದು ಎಷ್ಟು ಕೊಟ್ಟರೆ ನ್ಯಾಯ ಎನ್ನುವುದಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯವರು ಎಷ್ಟು ಕೊಟ್ಟಿರಬಹುದು ಎನ್ನುವುದು. ಅವರಿಗಿಂತ ಕಡಿಮೆಯಾದರೆ ಮುಜುಗರ, ತೀರಾ ಹೆಚ್ಚಾದರೆ ಎಲ್ಲರ ದರವೂ ಏರುತ್ತದೆ. ನಮ್ಮಲ್ಲಿ ಅಸೋಸಿಯೇಷನ್ ಒಂದೇ ಹುಂಡಿಗೆ ಹಣ ಸೇರಿಸುವುದರಿಂದ ಈ ತಾಪತ್ರಯ ಅರ್ಧ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಬಿಡಿ ಬಿಡಿಯಾಗಿ ಕೊಡುವಾಗ ಹಣವೆಲ್ಲ ಹೋಗುವುದು ಕಣ್ಣಿಗೆ ಬೀಳುವವರಿಗೆ, ಮುಖ್ಯ ಗೇಟಿನ ಹಗಲು ಪಾಳಿಗೆ. ರಾತ್ರಿ ಹನ್ನೊಂದರ ಮೇಲೆ ಬಂದು ಬೆಳಿಗ್ಗೆ ಹೋಗುವವರ ಮುಖ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಎಸ್‌ಟಿಪಿ ಆಪರೇಟರಿನ ಮುಖ ಯಾರಿಗೂ ಗೊತ್ತಿರುವುದಿಲ್ಲ.

ಹಣವನ್ನು ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸಿ ಎಲ್ಲರಿಂದ ಕಡ್ಡಾಯವಾಗಿ ತೆಗೆದುಕೊಳ್ಳಬಹುದಲ್ಲ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸರ್ವಸದಸ್ಯರ ಸಭೆ ಒಪ್ಪಿದರೆ ಮಾಡಬಹುದು, ಆದರೆ ಆಗ ಅದು ಸಂಬಳದ ಏರಿಕೆಯಾಗುತ್ತದೆ. ಅದು ಬೇಕಿದ್ದರೆ ಹಾಗೆಂದೇ ಕರೆದು ಬಿಲ್ಲಿನಲ್ಲಿ ಏರಿಸಿ, ನನ್ನ ಪ್ರಕಾರ ಅದೇ ಮೇಲು. ಕಾಣಿಕೆಯಾದರೆ ಇಚ್ಛೆಗೆ ಬಿಟ್ಟಿರಬೇಕು. ಕೊಟ್ಟವರ ಪಟ್ಟಿಯನ್ನಾಗಲೀ ಕೊಡದವರ ಪಟ್ಟಿಯನ್ನಾಗಲೀ ಹಾಕಬಾರದು. ಬಾಡಿಗೆ ಮನೆಯವರು ಕೊಡಬೇಕೋ ಮಾಲೀಕರು ಕೊಡಬೇಕೋ ಎಂಬ ಜಗಳಕ್ಕೆ ಒಂದೇ ಮಾತು: ಗೇಟು ಯಾರಿಗಾಗಿ ತೆರೆಯುತ್ತದೋ ಅವರು. ಮನೆಗೆಲಸದವರು, ಡ್ರೈವರುಗಳು ಈ ಪಟ್ಟಿಯಲ್ಲಿಲ್ಲ, ಅವರನ್ನು ಆಯಾ ಮನೆಯವರು ನೋಡಿಕೊಳ್ಳಿ ಎಂಬುದನ್ನೂ ಬರೆದುಬಿಡುವುದು ಒಳ್ಳೆಯದು.

ಹಂಚಿಕೆಯೇ ಕಷ್ಟದ ಕೆಲಸ, ಹಾಗಾಗಿ ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. 120 ಮನೆಗಳ ಒಂದು ಅಪಾರ್ಟ್‌ಮೆಂಟು ಅಂದುಕೊಳ್ಳಿ. ಮನೆಗೆ 1,000 ರೂಪಾಯಿ ಎಂದು ಸೂಚಿಸಲಾಗಿದೆ. 70 ಮನೆಯವರು ಅಷ್ಟೇ ಕೊಟ್ಟರು, 14 ಮನೆಯವರು 500 ಕೊಟ್ಟರು, ಎಂಟು ಮನೆಯವರು 2,000 ಕೊಟ್ಟರು, ಉಳಿದ 28 ಮನೆಗಳಿಂದ ಏನೂ ಬರಲಿಲ್ಲ. ಅದರಲ್ಲಿ ಬೀಗ ಹಾಕಿದ ಮನೆಗಳೂ ಇವೆ. ಒಟ್ಟು 93,000 ರೂಪಾಯಿ.

ಇನ್ನು ಪಾಲುದಾರರು. ಏಜೆನ್ಸಿಯ ಈ ತಿಂಗಳ ಹಾಜರಿ ನೋಡಿ ಪಟ್ಟಿ ಮಾಡಿದರೆ ತಪ್ಪುತ್ತದೆ. ಜನವರಿಯಿಂದ ಡಿಸೆಂಬರಿನವರೆಗಿನ ಹನ್ನೆರಡು ಹಾಜರಿ ಪಟ್ಟಿಗಳನ್ನು ಮುಂದಿಟ್ಟುಕೊಳ್ಳಬೇಕು. ಹಾಗೆ ನೋಡಿದಾಗ ಗಾರ್ಡು, ಸೂಪರ್‌ವೈಸರ್, ಹೌಸ್‌ಕೀಪಿಂಗ್, ಕಸ ಬೇರ್ಪಡಿಸುವವರು, ತೋಟದವರು, ಎಲೆಕ್ಟ್ರಿಷಿಯನ್, ಎಸ್‌ಟಿಪಿ ಆಪರೇಟರುಗಳು ಎಲ್ಲ ಸೇರಿ 26 ಹೆಸರು ಸಿಕ್ಕವು. 17 ಜನ ವರ್ಷಪೂರ್ತಿ ಇದ್ದವರು. ಎಂಟು ಜನ ನಡುವೆ ಬಂದವರು ಅಥವಾ ನಡುವೆ ಬಿಟ್ಟವರು, ಅವರ ತಿಂಗಳುಗಳು ಕ್ರಮವಾಗಿ ಒಂಬತ್ತು, ಎಂಟು, ಏಳು, ಆರು, ಐದು, ನಾಲ್ಕು, ಮೂರು, ಎರಡು. ಕೊನೆಯವರು ರಿಲೀವರ್. ವಾರದಲ್ಲಿ ಎರಡು ದಿನ ಬೇರೆಯವರ ರಜೆಗೆ ಬಂದು ನಿಂತವರು, ದಿನಗಳನ್ನು ಕೂಡಿಸಿದರೆ ನಾಲ್ಕು ತಿಂಗಳಾಗುತ್ತದೆ. ಪಟ್ಟಿಯಿಂದ ಮೊದಲು ತಪ್ಪಿಹೋಗುವ ಹೆಸರು ಯಾವಾಗಲೂ ಇವರದೇ, ಏಕೆಂದರೆ ಯಾವ ಪಾಳಿಯ ಪಟ್ಟಿಯಲ್ಲೂ ಅವರು ಖಾಯಂ ಇರುವುದಿಲ್ಲ.

ಎಲ್ಲರ ತಿಂಗಳುಗಳನ್ನು ಕೂಡಿಸಿದರೆ 252. ಹಣವನ್ನು ಅದರಿಂದ ಭಾಗಿಸಿದರೆ ಒಂದು ತಿಂಗಳ ಕೆಲಸಕ್ಕೆ 369 ರೂಪಾಯಿ. ವರ್ಷಪೂರ್ತಿ ಇದ್ದವರಿಗೆ 4,428, ರಿಲೀವರಿಗೆ 1,476, ಎರಡೇ ತಿಂಗಳಿದ್ದವರಿಗೆ 738. ಕೊನೆಗೆ 12 ರೂಪಾಯಿ ಉಳಿಯುತ್ತದೆ. ಲೆಕ್ಕ ಸರಿ, ಆದರೆ 738 ಕೈಗೆ ಬಂದವರಿಗೆ ಹಬ್ಬ ಅನ್ನಿಸುವುದಿಲ್ಲ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಹಣದಲ್ಲಿ ಅರ್ಧವನ್ನು 26 ಜನಕ್ಕೂ ಸಮನಾಗಿ ಹಂಚಿ, ಇನ್ನರ್ಧವನ್ನು ತಿಂಗಳ ಲೆಕ್ಕದಲ್ಲಿ ಹಂಚುವುದು. ಆಗ ವರ್ಷಪೂರ್ತಿ ಇದ್ದವರಿಗೆ ಸುಮಾರು 4,000, ಎರಡು ತಿಂಗಳಿದ್ದವರಿಗೆ ಸುಮಾರು 2,150 ಬರುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ತಪ್ಪಿಲ್ಲ. ಆದರೆ ಹಣ ಬರುವ ಮೊದಲೇ ಆರಿಸಿ ನೋಟೀಸಿನಲ್ಲಿ ಬರೆದಿರಬೇಕು. ಹಣ ಬಂದ ಮೇಲೆ ಸೂತ್ರ ಹುಡುಕಲು ಕುಳಿತರೆ ಸಮಿತಿಯ ಒಬ್ಬೊಬ್ಬರಿಗೂ ಒಬ್ಬೊಬ್ಬ ಪ್ರಿಯ ಗಾರ್ಡು ನೆನಪಾಗುತ್ತಾನೆ.

ಹುದ್ದೆಯ ಪ್ರಕಾರ ಹೆಚ್ಚುಕಡಿಮೆ ಮಾಡಬೇಕೇ? ಸೂಪರ್‌ವೈಸರಿಗೆ ಎರಡು ಪಾಲು ಕೊಡುವ ರೂಢಿ ಹಲವು ಕಡೆ ಇದೆ. ನಾನು ಅದರ ಪರವಿಲ್ಲ. ಸಂಬಳದಲ್ಲಿ ಆ ವ್ಯತ್ಯಾಸ ಆಗಲೇ ಇದೆ. ಅಲ್ಲದೆ ಗಾರ್ಡುಗಳಿಗೆ ಕೊಡುವುದಕ್ಕಿಂತ ಹೌಸ್‌ಕೀಪಿಂಗ್‌ನ ಹೆಂಗಸರಿಗೆ ಕಡಿಮೆ ಕೊಡುವುದು ಎಷ್ಟು ಮಾಮೂಲಾಗಿದೆ ಎಂದರೆ ಅದನ್ನು ಯಾರೂ ನಿರ್ಧಾರವೆಂದು ಭಾವಿಸುವುದೇ ಇಲ್ಲ. ಹುದ್ದೆಯನ್ನು ಲೆಕ್ಕದಿಂದ ಹೊರಗಿಟ್ಟರೆ ಆ ಅಭ್ಯಾಸವೂ ತಾನಾಗಿ ಹೊರಗೆ ಹೋಗುತ್ತದೆ.

ವರ್ಷದ ನಡುವೆ ಏಜೆನ್ಸಿಯನ್ನೇ ಬದಲಿಸಿದ್ದರೆ ಇನ್ನೊಂದು ತೊಡಕು. ಹಳೆಯ ತಂಡದ ಹದಿನೈದಿಪ್ಪತ್ತು ಜನ ಒಂದೇ ದಿನ ಮಾಯವಾಗಿರುತ್ತಾರೆ. ಹೊಸಬರಿಗೆ ಕೆಲವೇ ತಿಂಗಳಿಗೆ ಪೂರ್ತಿ ಹುಂಡಿ ಸಿಗುತ್ತದೆ, ಹಳಬರಿಗೆ ಏನೂ ಇಲ್ಲ. ಕರಾರು ಮುಗಿಯುವ ದಿನವೇ ಹೋಗುವವರ ಹೆಸರು, ತಿಂಗಳು, ಫೋನ್ ನಂಬರುಗಳನ್ನು ಬರೆದಿಟ್ಟುಕೊಂಡರೆ ಡಿಸೆಂಬರಿನಲ್ಲಿ ಹುಡುಕಬಹುದು. ಆ ನಂಬರು ಕಚೇರಿಯ ಕಡತದಲ್ಲಿ ಇರಬೇಕು, ಗೋಡೆಯ ಮೇಲಲ್ಲ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನೋಟೀಸು ಬರೆಯುವುದು ಹತ್ತು ನಿಮಿಷದ ಕೆಲಸ. ಹೀಗಿರಬಹುದು:

"ಎಲ್ಲ ನಿವಾಸಿಗಳಿಗೆ ನಮಸ್ಕಾರ. ಈ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ತೋಟ, ಕಸ ವಿಂಗಡಣೆ, ವಿದ್ಯುತ್ ಮತ್ತು ಎಸ್‌ಟಿಪಿ ವಿಭಾಗಗಳಲ್ಲಿ 26 ಜನ ಕೆಲಸ ಮಾಡಿದ್ದಾರೆ. ಅವರೆಲ್ಲರ ಹೆಸರು ಕೆಳಗಿದೆ. ಆಗಸ್ಟಿನ ಮಳೆಯ ರಾತ್ರಿ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ರಾತ್ರಿ ಪಾಳಿಯವರು ಒಂದೊಂದೇ ಮನೆಯ ಇಂಟರ್‌ಕಾಮಿಗೆ ಕರೆ ಮಾಡಿ ಎಬ್ಬಿಸಿದ್ದರಿಂದ ನಮ್ಮ ವಾಹನಗಳು ಉಳಿದವು. ಮರುದಿನ ಹೌಸ್‌ಕೀಪಿಂಗ್‌ನವರು ಮಧ್ಯಾಹ್ನದೊಳಗೆ ಕೆಸರು ತೆಗೆದರು. ನಾವು ಮಿಶ್ರ ಮಾಡಿ ಇಟ್ಟ ಕಸವನ್ನು ಪ್ರತಿದಿನ ಬೆಳಿಗ್ಗೆ ಬೇರೆ ಮಾಡಿದವರು ಇಬ್ಬರು. ಇವರೆಲ್ಲರಿಗೂ ಧನ್ಯವಾದ.

ಸ್ವಂತ ಇಚ್ಛೆಯಿಂದ ಕಾಣಿಕೆ ಕೊಡುವವರು ಡಿಸೆಂಬರ್ 24ರೊಳಗೆ ಅಸೋಸಿಯೇಷನ್ ಖಾತೆಗೆ, ಷರಾದಲ್ಲಿ 'ಸಿಬ್ಬಂದಿ ಕಾಣಿಕೆ' ಎಂದು ಬರೆದು ಕಳಿಸಿ. ಮನೆಗೆ 1,000 ರೂಪಾಯಿ ಎಂಬುದು ಸೂಚನೆ ಮಾತ್ರ. ಬಂದ ಹಣವನ್ನೆಲ್ಲ ಅವರು ಕೆಲಸ ಮಾಡಿದ ತಿಂಗಳುಗಳ ಪ್ರಕಾರ, ಹುದ್ದೆಯ ಭೇದವಿಲ್ಲದೆ ಹಂಚಲಾಗುವುದು. ಇದು ಸಂಬಳವಲ್ಲ, ಬೋನಸ್ಸೂ ಅಲ್ಲ. ಅವರಿಗೆ ಸಲ್ಲಬೇಕಾದ ಬೋನಸ್ಸನ್ನು ಏಜೆನ್ಸಿ ಪಾವತಿ ಮಾಡಿರುವುದನ್ನು ಸಮಿತಿ ಪರಿಶೀಲಿಸಿದೆ. ದಯವಿಟ್ಟು ಡ್ಯೂಟಿಯಲ್ಲಿರುವವರ ಕೈಗೆ ಬಿಡಿಯಾಗಿ ಹಣ ಕೊಡಬೇಡಿ. ಹಂಚಿಕೆಯ ಲೆಕ್ಕವನ್ನು ಜನವರಿ 5ರಂದು ಇಲ್ಲೇ ಹಾಕುತ್ತೇವೆ."

ಕೊನೆಯಿಂದ ಮೂರನೆಯ ಸಾಲನ್ನು, ಅಂದರೆ ಬೋನಸ್ ಪರಿಶೀಲಿಸಿದೆ ಎಂಬುದನ್ನು, ನಿಜವಾಗಿ ಪರಿಶೀಲಿಸಿದ್ದರೆ ಮಾತ್ರ ಬರೆಯಬೇಕು. ಇಂಥ ನೋಟೀಸನ್ನು ಕೇವಲ ನಿವಾಸಿಗಳ ಆ್ಯಪಿನಲ್ಲಿ ಇಂಗ್ಲಿಷಿನಲ್ಲಿ ಹಾಕಿದರೆ, ಥ್ಯಾಂಕ್ಸ್ ಯಾರಿಗೆ ಹೇಳಿದ್ದೋ ಅವರಿಗೇ ಅದು ಕಾಣುವುದಿಲ್ಲ. ಬೆಂಗಳೂರಿನ ಗೇಟುಗಳಲ್ಲಿ ಈಗ ಅಸ್ಸಾಂ, ಒಡಿಶಾ, ಬಿಹಾರದ ಹುಡುಗರೂ ನೇಪಾಳದವರೂ ಇದ್ದಾರೆ, ಪೊರಕೆ ಹಿಡಿದವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರೂ ಆಂಧ್ರದ ಗಡಿಯವರೂ ಇದ್ದಾರೆ. ಕನ್ನಡದಲ್ಲೊಂದು, ಹಿಂದಿಯಲ್ಲೊಂದು ಪ್ರತಿಯನ್ನು ಗೇಟಿನ ಕೋಣೆಯಲ್ಲೂ ಅವರು ಊಟಕ್ಕೆ ಕೂರುವ ಜಾಗದಲ್ಲೂ ಹಾಕಬೇಕು. ಅವರು ಊಟಕ್ಕೆ ಕೂರುವ ಜಾಗ ಯಾವುದು ಎಂದು ಗೊತ್ತಿಲ್ಲದ ಕಾರ್ಯದರ್ಶಿಗಳಿಗೆ ಅದನ್ನು ತಿಳಿದುಕೊಳ್ಳುವ ಅವಕಾಶವೂ ಆಯಿತು. ಬಹಳ ಕಡೆ ಅದು ಜನರೇಟರಿನ ಪಕ್ಕ ಇರುತ್ತದೆ. ಹೆಸರುಗಳನ್ನು ಅವರವರನ್ನೇ ಕೇಳಿ ಬರೆದುಕೊಳ್ಳಬೇಕು. ಏಜೆನ್ಸಿಯ ಪಟ್ಟಿಯಲ್ಲಿ ಹೆಸರುಗಳು ತಪ್ಪಾಗಿ, ತಿರುಚಿ ಬರೆದಿರುವುದು ಸಾಮಾನ್ಯ, ಓದು ಬಾರದವರಿಗೂ ತಮ್ಮ ಹೆಸರನ್ನು ಕೂಗಿ ಓದಿದಾಗ ತಪ್ಪು ಗೊತ್ತಾಗುತ್ತದೆ.

ಹಂಚುವ ದಿನವನ್ನು ಭಾನುವಾರ ಹನ್ನೊಂದು ಗಂಟೆಗೆ ಇಟ್ಟುಕೊಂಡರೆ ನಿವಾಸಿಗಳಿಗೆ ಅನುಕೂಲ, ರಾತ್ರಿ ಪಾಳಿಯವರಿಗೆ ಶಿಕ್ಷೆ. ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಮುಗಿಸಿದವರು ಮೂರು ಗಂಟೆ ಕಾಯಬೇಕು, ಮತ್ತೆ ರಾತ್ರಿ ಎಂಟಕ್ಕೆ ಬರಬೇಕು. ಪಾಳಿ ಬದಲಾಗುವ ಹೊತ್ತಿಗೆ, ಎರಡೂ ಪಾಳಿಯವರು ಇರುವ ಹದಿನೈದು ನಿಮಿಷದಲ್ಲಿ ಮುಗಿಸಬಹುದು. ವೇದಿಕೆ, ಮೈಕು, ಲಕೋಟೆ ಹಿಡಿದು ಅಧ್ಯಕ್ಷರ ಜೊತೆ ಫೋಟೋ ಇವೆಲ್ಲ ಬೇಕೇ ಎಂಬುದು ಆಯಾ ಸಮಿತಿಯ ರುಚಿಗೆ ಬಿಟ್ಟದ್ದು. ಫೋಟೋ ತೆಗೆಯುವುದಾದರೆ ಅವರನ್ನೊಂದು ಮಾತು ಕೇಳಿ, ಊರಿನಲ್ಲಿ ತಾನು ಏನು ಕೆಲಸ ಮಾಡುತ್ತಿದ್ದೇನೆಂದು ಹೇಳದೇ ಇರುವವರೂ ಇರುತ್ತಾರೆ. ಹಣ ನೇರ ಅವರವರ ಬ್ಯಾಂಕ್ ಖಾತೆಗೆ ಹೋದರೆ ಒಳ್ಳೆಯದು. ನಗದಾದರೆ ಲಕೋಟೆಯ ಮೇಲೆ ಮೊತ್ತ ಬರೆದು, ಅವರೆದುರು ಎಣಿಸಿ, ಪುಸ್ತಕದಲ್ಲಿ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಬೇಕು. ಎಲ್ಲರ ಲಕೋಟೆಗಳನ್ನೂ ಸೂಪರ್‌ವೈಸರ್ ಕೈಗೆ ಕೊಟ್ಟು ಹಂಚಿಬಿಡಿ ಎನ್ನುವುದು ಅತಿ ಸುಲಭದ ದಾರಿ. ಯೂನಿಫಾರಂ ಬಾಕಿ, ಮುಂಗಡ, ಹಳೇ ಸಾಲ ಎಲ್ಲ ಕಡಿತವಾಗುವುದು ಆ ದಾರಿಯಲ್ಲೇ.

ಜನವರಿಯ ಎರಡನೆಯ ನೋಟೀಸು ಇದಕ್ಕಿಂತ ಚಿಕ್ಕದು. ಇಷ್ಟು ಮನೆಗಳಿಂದ ಇಷ್ಟು ಬಂತು, ಇಷ್ಟು ಜನಕ್ಕೆ ಇಷ್ಟು ತಿಂಗಳ ಲೆಕ್ಕದಲ್ಲಿ ಹೋಯಿತು, 12 ರೂಪಾಯಿ ಉಳಿಯಿತು. ಮೇ ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೋದ ಒಬ್ಬರ ಫೋನು ಸಿಗುತ್ತಿಲ್ಲ, ಅವರ ಐದು ತಿಂಗಳ ಪಾಲು 1,845 ರೂಪಾಯಿ ಖಾತೆಯಲ್ಲಿದೆ, ಅವರ ಊರಿನ ಪರಿಚಯವಿರುವವರು ಕಚೇರಿಗೆ ತಿಳಿಸಿ, ಮಾರ್ಚ್ 31ರವರೆಗೆ ಕಾದು ಆಮೇಲೆ ಮುಂದಿನ ವರ್ಷದ ಹುಂಡಿಗೆ ಸೇರಿಸುತ್ತೇವೆ. ಇದನ್ನೂ ಲಿಫ್ಟಿನಲ್ಲೇ ಹಾಕಬೇಕು, ಗೇಟಿನ ಕೋಣೆಯಲ್ಲೂ. ಹೋದವರ ಹೊಸ ನಂಬರು ಹೆಚ್ಚಾಗಿ ಸಿಗುವುದು ಅಲ್ಲಿಯೇ, ಜೊತೆಗೆ ಪಾಳಿ ಮಾಡಿದ ಯಾರದಾದರೂ ಫೋನಿನಲ್ಲಿ.